ಬಾಕ್ಸಿನ ಹೊರಗೆ ಕೆಂಪು, ಒಳಗೆ ಹಳದಿ

ಪ್ರಶ್ನೆ: ನೆಹರೂ ಮೈದಾನದಲ್ಲಿ ನಮ್ಮ ಡಿಫೆಂಡರ್ ಬಾಕ್ಸಿಗೆ ಎರಡು ಹೆಜ್ಜೆ ಹೊರಗೆ ಸ್ಲೈಡ್ ಮಾಡಿ ಫೌಲ್ ಮಾಡಿದ, ಕೆಂಪು ಕಾರ್ಡ್ ಬಿತ್ತು. ಮುಂದಿನ ಪಂದ್ಯದಲ್ಲಿ ಎದುರಾಳಿ ಕೀಪರ್ ಬಾಕ್ಸಿನೊಳಗೆ ನಮ್ಮ ಹುಡುಗನನ್ನು ಬೀಳಿಸಿದ. ಪೆನಾಲ್ಟಿ ಸಿಕ್ಕಿತು, ಕಾರ್ಡ್ ಮಾತ್ರ ಹಳದಿ. ಇದು ಯಾವ ನ್ಯಾಯ ಸಾರ್?
– ಶಾಲಾ ತಂಡದ ಕೋಚ್, ಬೋಳಾರ

ಉತ್ತರ: ನಿಮ್ಮ ಸಂಕಟ ಅರ್ಥವಾಗುತ್ತದೆ, ಆದರೆ ಎರಡೂ ತೀರ್ಮಾನ ಸರಿಯಿರಬಹುದು. ಗೋಲಿನ ಸ್ಪಷ್ಟ ಅವಕಾಶವನ್ನು ಫೌಲ್ ಮಾಡಿ ತಪ್ಪಿಸಿದರೆ, 2016ಕ್ಕೆ ಮೊದಲು ಕೀಪರಿಗೂ ಕೆಂಪೇ ಸಿಗುತ್ತಿತ್ತು. ಪೆನಾಲ್ಟಿ, ಹತ್ತೇ ಜನರಲ್ಲಿ ಆಡುವುದು, ಮೇಲೆ ಮುಂದಿನ ಪಂದ್ಯಕ್ಕೆ ನಿಷೇಧ, ಹೀಗೆ ಒಂದೇ ತಪ್ಪಿಗೆ ಮೂರು ಪೆಟ್ಟು. ಅದು ಅತಿಯಾಯಿತೆಂದು ಆ ವರ್ಷ ನಿಯಮ ತಿದ್ದಿದರು. ಕೀಪರ್ ಚೆಂಡಿಗೇ ಕೈ ಚಾಚಿ, ತಡವಾಗಿ, ಕಾಲಿಗೆ ತಾಗಿದ್ದರೆ ಈಗ ಹಳದಿ ಸಾಕು. ಯಾಕೆಂದರೆ ಕಳೆದುಹೋದ ಗೋಲಿನ ಅವಕಾಶ ಪೆನಾಲ್ಟಿಯಲ್ಲಿ ವಾಪಸು ಸಿಗುತ್ತದೆ. ಬಾಕ್ಸಿನ ಹೊರಗಿನ ಫ್ರೀಕಿಕ್‌ಗೆ ಎದುರಾಳಿಗಳು ಗೋಡೆ ಕಟ್ಟಿ ನಿಲ್ಲುತ್ತಾರೆ, ಅವಕಾಶ ಮರಳುವುದಿಲ್ಲ. ಹಾಗಾಗಿ ಅಲ್ಲಿ ಚೆಂಡಿಗೇ ಕಾಲು ಹಾಕಿದ್ದರೂ ಕೆಂಪು.

ಆದರೆ ಕಳೆದುಹೋದದ್ದು ಸ್ಪಷ್ಟ ಅವಕಾಶವೇ ಆಗಿತ್ತೇ? ‘ಲಾಸ್ಟ್ ಮ್ಯಾನ್’ ಎಂದು ಗ್ಯಾಲರಿಯಿಂದ ಕೂಗುತ್ತಾರಲ್ಲ, ಆ ಮಾತು ನಿಯಮದಲ್ಲಿ ಇಲ್ಲವೇ ಇಲ್ಲ. ಫೌಲ್ ಆಗದಿದ್ದರೆ ಮುಂದೇನಾಗುತ್ತಿತ್ತು ಎಂದು ರೆಫ್ರಿ ನೋಡುತ್ತಾನೆ: ಗೋಲಿಗೆ ಎಷ್ಟು ದೂರ, ಆಟ ಗೋಲಿನ ಕಡೆಗೇ ಸಾಗುತ್ತಿತ್ತೇ, ಚೆಂಡು ಫಾರ್ವರ್ಡಿನ ಹಿಡಿತದಲ್ಲಿ ಉಳಿಯುತ್ತಿತ್ತೇ, ಉಳಿದ ಡಿಫೆಂಡರ್‌ಗಳು ಎಷ್ಟು ಮಂದಿ, ಎಲ್ಲಿದ್ದರು.

ನಿಮ್ಮ ಡಿಫೆಂಡರನದ್ದನ್ನೇ ಹೀಗೆ ಪರೀಕ್ಷಿಸಿ. ಬಾಕ್ಸಿನ ಗೆರೆ ಗೋಲ್‌ಲೈನಿಗೆ 16.5 ಮೀಟರ್, ಅಂದರೆ ಹತ್ತಿರವೇ. ಫಾರ್ವರ್ಡ್ ನೇರ ಗೋಲಿಗೆ ನುಗ್ಗುತ್ತಿದ್ದು, ಚೆಂಡು ಅವನ ಕಾಲಡಿಯಲ್ಲೇ ಇದ್ದು, ಎದುರಿಗೆ ಕೀಪರ್ ಒಬ್ಬನೇ ಎಂದಾದರೆ ಕೆಂಪು ತಪ್ಪದು. ಇನ್ನೊಬ್ಬ ಡಿಫೆಂಡರ್ ಪಕ್ಕದಿಂದ ಓಡಿಬಂದು, ಅವನು ಶಾಟ್ ಹೊಡೆಯುವ ಮೊದಲೇ ಅಡ್ಡ ನಿಲ್ಲಬಲ್ಲವನಾಗಿದ್ದರೆ ಹಳದಿ. ಫಾರ್ವರ್ಡ್ ಕಾರ್ನರ್ ಕಡೆಗೆ ಎಳೆದುಕೊಂಡು ಹೋಗುತ್ತಿದ್ದರೂ ಸಾಮಾನ್ಯವಾಗಿ ಹಳದಿಯೇ.

ರೆಫ್ರಿಗಳು ಹೆಚ್ಚು ಎಡವುವುದು ಚೆಂಡಿನ ಹಿಡಿತದ ವಿಷಯದಲ್ಲಿ, ಅದರಲ್ಲೂ ನಮ್ಮ ಮಳೆಗಾಲದಲ್ಲಿ. ಫಾರ್ವರ್ಡ್ ಮುಂದಕ್ಕೆ ತಳ್ಳಿದ ಚೆಂಡು ನೀರು ನಿಂತ ಹೊಂಡದಲ್ಲಿ ಸಿಕ್ಕಿ ನಿಂತರೆ ಅವನಿಗೇ ಸಿಗುತ್ತದೆ, ಒದ್ದೆ ಹುಲ್ಲಿನ ಮೇಲೆ ಜಾರಿದರೆ ಕೀಪರ್ ಕೈಗೆ ಹೋಗುತ್ತದೆ. ಫಾರ್ವರ್ಡ್ ಬಿದ್ದದ್ದನ್ನಷ್ಟೇ ನೋಡಿ ಕಾರ್ಡ್ ತೆಗೆದರೆ ತಪ್ಪಾಗುತ್ತದೆ. ಆ ಕ್ಷಣದಲ್ಲಿ ಚೆಂಡು ಎಲ್ಲಿತ್ತು, ಯಾವ ವೇಗದಲ್ಲಿತ್ತು ಎಂಬುದನ್ನು ಕಣ್ಣು ಹಿಡಿದಿರಬೇಕು.

ನಿಮ್ಮ ಹುಡುಗರಿಗೆ ಇದೊಂದನ್ನು ಖಂಡಿತ ಹೇಳಿ: ಬಾಕ್ಸಿನೊಳಗಿನ ರಿಯಾಯಿತಿ ಚೆಂಡಿಗಾಗಿ ಹೋದವನಿಗೆ ಮಾತ್ರ. ಅಂಗಿ ಎಳೆದರೆ, ಹಿಂದಿನಿಂದ ತಳ್ಳಿದರೆ, ಪೆನಾಲ್ಟಿಯ ಜೊತೆಗೆ ಕೆಂಪೂ ಬರುತ್ತದೆ. ಹೊರಗೆ ಹಿಡಿದ ಅಂಗಿಯನ್ನು ಗೆರೆ ದಾಟಿದ ಮೇಲೂ ಬಿಡದಿದ್ದರೂ ಅಷ್ಟೇ.