ಪೆಟ್ಟಿಗೆ ಹೊಸದು, ಒಳಗಿನ ಕಾರ್ಟ್ರಿಜ್ ಹಳೆಯದು

ಪ್ರಶ್ನೆ: ಶಿರಸಿಯಲ್ಲಿ ನನ್ನದೊಂದು ಸಣ್ಣ ಡಿಟಿಪಿ ಅಂಗಡಿಯಿದೆ. ಬೆಲೆ ಕಡಿಮೆಯೆಂದು ಆನ್‌ಲೈನಿನಲ್ಲಿ ಎಚ್‌ಪಿ 682 ಕಾರ್ಟ್ರಿಜ್ ಎರಡು ತರಿಸಿದೆ, ಕಪ್ಪು ಒಂದು, ಬಣ್ಣದ್ದೊಂದು. ಕಪ್ಪನ್ನು ಒಂದೇ ಸಲ ಹಾಕಿದ್ದು, ಹಾಕಿದ ಕೂಡಲೇ ಇದು ಬಳಸಿದ, ರೀಫಿಲ್ ಮಾಡಿದ ಅಥವಾ ನಕಲಿ ಕಾರ್ಟ್ರಿಜ್ ಎಂದು ಕಂಪ್ಯೂಟರಿನಲ್ಲಿ ಸಂದೇಶ ಬಂತು. ಏಳೆಂಟು ಪುಟಕ್ಕೆ ಅಕ್ಷರ ಮಸುಕಾಗುತ್ತದೆ, ಸ್ವಲ್ಪ ಹೊತ್ತು ಬಿಟ್ಟರೆ ಮತ್ತೆ ಸರಿಯಾಗುತ್ತದೆ. ಮಾರಿದವರು ‘ಸೀಲ್ ಇತ್ತಲ್ಲ’ ಎನ್ನುತ್ತಾರೆ. ಬಣ್ಣದ್ದನ್ನು ಇನ್ನೂ ತೆರೆದಿಲ್ಲ. ಫೋಟೊಗಳನ್ನು ಕಳುಹಿಸಿದ್ದೇನೆ. ಚಿಪ್ ನೋಡಿ ಅಸಲಿಯೋ ನಕಲಿಯೋ ಹೇಳಬಹುದೇ?

ಉತ್ತರ: ಕಪ್ಪು ಕಾರ್ಟ್ರಿಜ್ ರೀಫಿಲ್ ಮಾಡಿದ್ದು. ನನ್ನ ಮಟ್ಟಿಗೆ ಇದರಲ್ಲಿ ಸಂದೇಹ ಉಳಿದಿಲ್ಲ. ಆದರೆ ಅದರ ಒಡಲು ನಕಲಿಯಲ್ಲ, ಕಂಪನಿಯದೇ. ಯಾರೋ ಬಳಸಿ ಬಿಸಾಡಿದ ಅಸಲಿ ಕಾರ್ಟ್ರಿಜ್‌ಗೆ ಶಾಯಿ ತುಂಬಿ ಹೊಸ ಪೆಟ್ಟಿಗೆ ತೊಡಿಸಿದ್ದಾರೆ.

ಮೊದಲು ಚಿಪ್ ವಿಷಯ. ನಿಮ್ಮ ಮಾದರಿಯಲ್ಲಿ ಬೇರೆ ಚಿಪ್ ಎಂಬುದೇ ಇಲ್ಲ. ಮುದ್ರಿಸುವ ತಲೆ, ಅಂದರೆ ಶಾಯಿ ಚಿಮ್ಮುವ ಸೂಕ್ಷ್ಮ ರಂಧ್ರಗಳ ಫಲಕ, ಕಾರ್ಟ್ರಿಜ್‌ನಲ್ಲೇ ಸೇರಿದೆ. ಅದಕ್ಕೆ ವಿದ್ಯುತ್ ಸಂಕೇತ ಒಯ್ಯುವ ತಾಮ್ರದ ಬಿಲ್ಲೆಗಳ ಪಟ್ಟಿ ಒಡಲ ಬದಿಗೆ ಅಂಟಿಕೊಂಡಿರುತ್ತದೆ. ಈ ತಲೆಯನ್ನು ಕದ್ದುಮುಚ್ಚಿ ತಯಾರಿಸುವುದು ಸುಲಭವಲ್ಲ. ಆದ್ದರಿಂದ ಈ ಜಾತಿಯ ಕಾರ್ಟ್ರಿಜ್‌ನಲ್ಲಿ ಮೋಸ ಮಾಡುವವರು ಒಡಲನ್ನು ನಕಲು ಮಾಡುವ ಗೋಜಿಗೆ ಹೋಗುವುದು ಅಪರೂಪ, ಖಾಲಿಯಾದದ್ದನ್ನು ಕೊಂಡು ತುಂಬುತ್ತಾರೆ. ನಕಲಾಗುವುದು ಪೆಟ್ಟಿಗೆ ಮತ್ತು ಸೀಲ್. ಜನರೋ ಪೆಟ್ಟಿಗೆಯನ್ನೇ ತಿರುಗಿಸಿ ಮುರುಗಿಸಿ ನೋಡುತ್ತಾರೆ. ನಾನು ಪೆಟ್ಟಿಗೆಯನ್ನು ಕೊನೆಗೆ ನೋಡುತ್ತೇನೆ. ಒಮ್ಮೆ ಪ್ರಿಂಟರಿನೊಳಗೆ ಹೋಗಿ ಬಂದ ಕಾರ್ಟ್ರಿಜ್ ಮೈಮೇಲೆ ಗುರುತು ಹೊತ್ತೇ ಬರುತ್ತದೆ.

ನಿಮ್ಮ ನಾಲ್ಕನೆಯ ಫೋಟೊದಲ್ಲಿ ಆ ತಾಮ್ರದ ಪಟ್ಟಿ ಚೆನ್ನಾಗಿ ಬಂದಿದೆ. ಕಾರ್ಟ್ರಿಜ್ ಕೂರಿಸಿದಾಗ ಪ್ರಿಂಟರಿನ ಸ್ಪ್ರಿಂಗ್ ಪಿನ್ನುಗಳು ಈ ಬಿಲ್ಲೆಗಳನ್ನು ಒತ್ತುತ್ತವೆ. ಒತ್ತಿದ ಕಡೆ ಸಾಸಿವೆಗಿಂತ ಚಿಕ್ಕ ಗುಳಿ ಉಳಿಯುತ್ತದೆ. ನೀವು ಹಾಕಿದ್ದು ಒಂದೇ ಸಲ ಎಂದು ಬರೆದಿದ್ದೀರಿ. ಆದರೆ ಫೋಟೊದ ಮೇಲಿನ ಸಾಲಿನಲ್ಲಿ ಹಲವು ಬಿಲ್ಲೆಗಳಿಗೆ ಮೂರು ಮೂರು ಗುಳಿಗಳಿವೆ, ಒಂದರ ಪಕ್ಕ ಒಂದು, ಸ್ವಲ್ಪ ಸರಿದು ಬಿದ್ದಿವೆ. ಕೆಳಗಿನ ಬಿಲ್ಲೆಗಳ ಮೇಲೆ ಉದ್ದುದ್ದ ಗೀರುಗಳಿವೆ. ಒರೆಸಿ ಒರೆಸಿ ಹೊಳಪು ಕಳೆದುಕೊಂಡ ತಾಮ್ರ ಅದು. ಒಂದೇ ಒಂದು ಮಸುಕು ಚುಕ್ಕೆ ಕಂಡಿದ್ದರೆ ನಾನು ಯಾರ ಮೇಲೂ ಬೆರಳು ತೋರಿಸುತ್ತಿರಲಿಲ್ಲ. ಮೂರು ಸಲ ಬೇರೆ ಬೇರೆ ಜಾಗಕ್ಕೆ ಒತ್ತಿದ ಗುರುತಿಗೆ ಮಾತ್ರ ಬೇರೆ ವಿವರಣೆ ಇಲ್ಲ.

ಇಂಥ ಫೋಟೊ ತೆಗೆಯುವುದಕ್ಕೆ ಒಂದು ಉಪಾಯವಿದೆ, ಬಣ್ಣದ ಕಾರ್ಟ್ರಿಜ್‌ಗೂ ಬೇಕಾಗಬಹುದು. ಫ್ಲ್ಯಾಶ್ ಹಾಕಬೇಡಿ. ತಾಮ್ರವೆಲ್ಲ ಬೆಳ್ಳಗಾಗಿ ಗುಳಿ ಮಾಯವಾಗುತ್ತದೆ. ಕಿಟಕಿಯ ಪಕ್ಕ ಕುಳಿತು ಬೆಳಕು ಓರೆಯಾಗಿ ಬೀಳುವಂತೆ ಹಿಡಿದರೆ ಪ್ರತಿ ಗುಳಿಗೂ ಒಂದು ನೆರಳು ಮೂಡುತ್ತದೆ. ಮೊಬೈಲನ್ನು ತೀರ ಹತ್ತಿರ ಒಯ್ಯುವ ಬದಲು ಒಂದು ಗೇಣು ದೂರದಿಂದ ಜೂಮ್ ಮಾಡಿ ತೆಗೆಯಿರಿ. ವಾಟ್ಸ್‌ಆ್ಯಪ್‌ನಲ್ಲಿ ಕಳುಹಿಸುವಾಗ ಫೋಟೊ ಎಂದಲ್ಲದೆ ಡಾಕ್ಯುಮೆಂಟ್ ಎಂದು ಕಳುಹಿಸಿ, ಇಲ್ಲವಾದರೆ ಚಿತ್ರ ಕುಗ್ಗಿ ವಿವರ ಅಳಿಸಿಹೋಗುತ್ತದೆ.

ಈಗ ಮೂರನೆಯ ಫೋಟೊ, ಕಾರ್ಟ್ರಿಜ್‌ನ ಮೇಲ್ಭಾಗದ ಲೇಬಲ್. ಪುಟ ಮಸುಕಾಗುವುದರ ಗುಟ್ಟೂ ಇಲ್ಲೇ ಇದೆ. ಲೇಬಲ್ ಎಡಕ್ಕೆ ವಾಲಿದೆ, ಒಂದು ಮೂಲೆಯಲ್ಲಿ ಹಳೆಯ ಅಂಟಿನ ಕೊಳೆ ಇಣುಕುತ್ತಿದೆ, ನಡುವೆ ಗುಂಡುಸೂಜಿಯ ತಲೆಯಷ್ಟು ಉಬ್ಬು ಇದೆ. ಸೂಜಿ ಇಳಿಸಿ ಶಾಯಿ ತುಂಬಿದ ಜಾಗ ಅದು. ಮುಚ್ಚಳ ಕೂಡುವ ಅಂಚನ್ನೂ ನೋಡಿ. ಕಾರ್ಖಾನೆಯಲ್ಲಿ ಬೆಸೆದ ಅಂಚು ಸುತ್ತಲೂ ಒಂದೇ ಸಮ ಇರುತ್ತದೆ. ನಿಮ್ಮದು ಹಿಂಬದಿಯಲ್ಲಿ ಮೆಟ್ಟಿಲಿನಂತೆ ಏರಿದೆ, ಚಾಕುವಿನಿಂದ ಮೀಟಿದ ಬಿಳಿ ಗೆರೆಯೂ ಇದೆ.

ಲೇಬಲಿನ ಕೆಳಗೆ ಗಾಳಿಯಾಡುವ ಸಣ್ಣ ರಂಧ್ರ ಮತ್ತು ಹಾವಿನಂತೆ ಸುತ್ತುವ ಕಿರಿದಾದ ಕಾಲುವೆ ಇರುತ್ತದೆ. ಶಾಯಿ ಕೆಳಗೆ ಇಳಿದಷ್ಟೂ ಗಾಳಿ ಮೇಲಿನಿಂದ ಒಳಗೆ ಬರಬೇಕು. ಮತ್ತೆ ಅಂಟಿಸಿದ ಲೇಬಲ್ ಆ ಕಾಲುವೆಯನ್ನು ಮುಚ್ಚಿದರೆ ಒಳಗೆ ಎಳೆತ ಹೆಚ್ಚಾಗುತ್ತದೆ, ಸ್ಪಂಜು ಶಾಯಿಯನ್ನು ಬಿಟ್ಟುಕೊಡುವುದಿಲ್ಲ, ಅಕ್ಷರ ಮಸುಕಾಗುತ್ತದೆ. ಹತ್ತು ನಿಮಿಷ ಬಿಟ್ಟರೆ ಸಂದಿಗೊಂದಿಯಿಂದ ಸ್ವಲ್ಪ ಗಾಳಿ ನುಸುಳುತ್ತದೆ, ಮತ್ತೆ ಏಳೆಂಟು ಪುಟ ಸಿಗುತ್ತದೆ. ನೀವು ವಿವರಿಸಿದ್ದು ಅಕ್ಷರಶಃ ಇದೇ. ಶಾಯಿಯೇ ಮುಗಿದಿದ್ದರೆ ಬಿಟ್ಟು ಹಾಕಿದರೂ ಹಾಗೆ ಪೂರ್ತಿ ಚೇತರಿಸಿಕೊಳ್ಳುತ್ತಿರಲಿಲ್ಲ. ಲೇಬಲಿಗೆ ತೂತು ಹೊಡೆದು ನೋಡುವ ಆಸೆಯಾದರೆ ತಡೆದುಕೊಳ್ಳಿ. ಹಣ ವಾಪಸು ಕೇಳುವವರೆಗೆ ಅದು ನಿಮ್ಮ ಸಾಕ್ಷಿ.

ಐದನೆಯ ಫೋಟೊದಲ್ಲಿ ಟೇಪಿಗೆ ಶಾಯಿ ಅಂಟಿದೆಯೆಂದು ವೃತ್ತ ಹಾಕಿ ತೋರಿಸಿದ್ದೀರಿ. ಅದನ್ನು ಲೆಕ್ಕಕ್ಕೆ ಹಿಡಿಯಬೇಡಿ. ರಂಧ್ರಗಳ ಮೇಲಿನ ಟೇಪಿನಲ್ಲಿ ಚೂರು ಶಾಯಿ ಇರುವುದು ಹೊಸದರಲ್ಲೂ ಸಹಜ. ವರ್ಷಗಳ ಹಿಂದೆ ಇದನ್ನೇ ನಂಬಿ ಅಸಲಿ ಕಾರ್ಟ್ರಿಜ್ ಒಂದನ್ನು ನಕಲಿ ಎಂದು ಸಾರಿ, ಪಾಪದ ಅಂಗಡಿಯವರೊಬ್ಬರ ಬಳಿ ಆಮೇಲೆ ಕ್ಷಮೆ ಕೇಳಿದ್ದೇನೆ. ನಿಮ್ಮ ಚಿತ್ರದಲ್ಲಿ ಕಾಣುವ ನಿಜವಾದ ದೋಷ ಟೇಪೇ. ಎಳೆಯಲು ಹಿಡಿಯಿರುವ, ಅಳತೆಗೆ ಕತ್ತರಿಸಿದ ಟೇಪಿನ ಬದಲು ಕತ್ತರಿಯಿಂದ ತುಂಡರಿಸಿದ ಮಾಮೂಲಿ ಪಾರದರ್ಶಕ ಟೇಪ್ ಇದೆ, ಕಿತ್ತ ಮೇಲೆ ಅಂಟೂ ಉಳಿದಿದೆ.

ಪ್ರಿಂಟರಿನ ಸಂದೇಶ ಇದಕ್ಕೆಲ್ಲ ಪೂರಕ, ಆದರೆ ಅದೊಂದೇ ಸಾಕಾಗುತ್ತಿರಲಿಲ್ಲ. ಬೇರೊಬ್ಬ ಗ್ರಾಹಕ ಒಮ್ಮೆ ಹಾಕಿ ನೋಡಿ ಹಿಂದಿರುಗಿಸಿದ ಅಸಲಿ ಕಾರ್ಟ್ರಿಜ್‌ಗೂ ‘ಬಳಸಿದ್ದು’ ಎಂಬ ಎಚ್ಚರಿಕೆ ಬರಬಹುದು. ಬಳಸಿದ್ದು, ರೀಫಿಲ್ ಮಾಡಿದ್ದು, ನಕಲಿ ಎಂಬ ಮೂರನ್ನೂ ಒಂದೇ ಉಸಿರಿನಲ್ಲಿ ಹೇಳುವ ಸಂದೇಶ ಯಾವುದೆಂದು ಬಿಡಿಸಿ ಹೇಳುವುದಿಲ್ಲ.

ಇನ್ನು ಸೀಲ್, ಮಾರಿದವರು ಹಿಡಿದುಕೊಂಡಿರುವ ಏಕೈಕ ವಾದ. ಎಚ್‌ಪಿಯ ಭದ್ರತಾ ಲೇಬಲನ್ನು ಹಿಂದೆ ಮುಂದೆ ವಾಲಿಸಿದಾಗ ಅದರೊಳಗಿನ ‘OK’ ಮತ್ತು ‘✓’ ಗುರುತುಗಳು ಪರಸ್ಪರ ವಿರುದ್ಧ ದಿಕ್ಕಿಗೆ ಸರಿಯಬೇಕು. ಎಡಕ್ಕೆ ಬಲಕ್ಕೆ ವಾಲಿಸಿದಾಗ ಒಂದರ ಹಿಂದೆ ಒಂದು ಒಂದೇ ದಿಕ್ಕಿಗೆ ಹೋಗಬೇಕು. ಇದು ಚಲನೆಯ ಪರೀಕ್ಷೆಯಾದ್ದರಿಂದ ನಿಮ್ಮ ಸ್ಥಿರ ಫೋಟೊದಿಂದ ಏನೂ ತಿಳಿಯದು. ಹೊಳೆಯುವ ಯಾವ ಕಾಗದವಾದರೂ ಫೋಟೊದಲ್ಲಿ ಹೊಳೆಯುತ್ತದೆ. ಬಣ್ಣದ ಕಾರ್ಟ್ರಿಜ್‌ನ ಪೆಟ್ಟಿಗೆಯಲ್ಲೂ ಲೇಬಲ್ ಇದ್ದರೆ ಎರಡೂ ಬಗೆಯಲ್ಲಿ ವಾಲಿಸಿ ಅರ್ಧ ನಿಮಿಷದ ವಿಡಿಯೊ ತೆಗೆಯಿರಿ. ಕ್ಯೂಆರ್ ಕೋಡ್ ಸ್ಕ್ಯಾನ್ ಮಾಡುವುದಾದರೆ ತೆರೆದುಕೊಳ್ಳುವ ವಿಳಾಸ ನಿಜವಾಗಿಯೂ hp.com ಎಂಬುದೇ ಎಂದು ಓದಿ. ನಕಲಿ ಲೇಬಲಿನ ಕೋಡ್ ‘ಅಸಲಿ’ ಎಂದು ಹಸಿರು ಅಕ್ಷರದಲ್ಲಿ ಸಾರುವ ಬೇರೆ ಪುಟಕ್ಕೂ ಕರೆದೊಯ್ಯಬಲ್ಲದು. ಲೇಬಲ್ ಇಲ್ಲವೇ ಇಲ್ಲ ಎಂದಾದರೆ ಅದರಿಂದಲೇ ನಕಲಿ ಎನ್ನಲಾಗದು, ಎಲ್ಲ ಪೆಟ್ಟಿಗೆಗೂ ಅದು ಇರುವುದಿಲ್ಲ.

ನಿಮ್ಮ ಪೆಟ್ಟಿಗೆಯ ಅಕ್ಷರಗಳೇ ಹೆಚ್ಚು ಮಾತಾಡುತ್ತವೆ. ಎರಡನೆಯ ಫೋಟೊ ಹಿಗ್ಗಿಸಿದರೆ ಬದಿಯ ಸಣ್ಣ ಕಪ್ಪು ಅಕ್ಷರಗಳ ಅಂಚಿನಲ್ಲಿ ಕೆಂಪು, ನೀಲಿ ಚುಕ್ಕೆಗಳು ಕಾಣುತ್ತವೆ. ಮೂಲ ವಿನ್ಯಾಸದಿಂದ ಮುದ್ರಿಸಿದಾಗ ಇಂಥ ಅಕ್ಷರ ಅಪ್ಪಟ ಕಪ್ಪು ಶಾಯಿಯಲ್ಲಿ ಚೂಪಾಗಿ ಬೀಳುತ್ತದೆ. ಪೆಟ್ಟಿಗೆಯನ್ನು ಸ್ಕ್ಯಾನ್ ಮಾಡಿ ಮತ್ತೆ ಮುದ್ರಿಸಿದರೆ ಕಪ್ಪೂ ನಾಲ್ಕು ಬಣ್ಣದ ಚುಕ್ಕೆಗಳಾಗಿ ಒಡೆಯುತ್ತದೆ. ನೀವು ಡಿಟಿಪಿಯವರು, ಇದನ್ನು ನನಗಿಂತ ಚೆನ್ನಾಗಿ ಬಲ್ಲಿರಿ. ಪೆಟ್ಟಿಗೆಯ ನೀಲಿ ಬಣ್ಣ ಮಾತ್ರ ನಂಬಬೇಡಿ, ಪ್ರತಿ ಮೊಬೈಲಿನ ಕ್ಯಾಮೆರಾಗೂ ತನ್ನದೇ ನೀಲಿ ಇದೆ. ಜೊತೆಗೆ ಪೆಟ್ಟಿಗೆಯ ಮೇಲಿನ ವಾರಂಟಿ ಮುಗಿಯುವ ತಿಂಗಳಿಗೂ ಒಡಲ ಮೇಲಿನದಕ್ಕೂ ಎರಡು ವರ್ಷದ ಅಂತರವಿದೆ. ಒಳಗಿನದ್ದು ಹಳೆಯದು, ಹೊರಗಿನದ್ದು ಹೊಸದು. ಆಮದು ಮಾಡಿದ ಪೊಟ್ಟಣದ ಮೇಲೆ ಕಡ್ಡಾಯವಾಗಿ ಇರಬೇಕಾದ ಆಮದುದಾರರ ಹೆಸರು ವಿಳಾಸದ ಸ್ಟಿಕ್ಕರ್ ನಿಮ್ಮ ಪೆಟ್ಟಿಗೆಯ ಯಾವ ಮುಖದಲ್ಲೂ ನನಗೆ ಕಾಣಲಿಲ್ಲ.

ಚಿಪ್ ನಿಜವಾಗಿ ಮುಖ್ಯವಾಗುವುದು ಬೇರೆ ಬೇರೆ ಬಣ್ಣಕ್ಕೆ ಬೇರೆ ಬೇರೆ ಡಬ್ಬಿಯಿರುವ ಕಾರ್ಟ್ರಿಜ್‌ಗಳಲ್ಲಿ ಮತ್ತು ಹಲವು ಲೇಸರ್ ಟೋನರ್‌ಗಳಲ್ಲಿ. ಬಿಡಿ ಡಬ್ಬಿಯವುಗಳಲ್ಲಿ ಮುದ್ರಿಸುವ ತಲೆ ಸಾಮಾನ್ಯವಾಗಿ ಪ್ರಿಂಟರಿನಲ್ಲಿರುತ್ತದೆ, ಕಾರ್ಟ್ರಿಜ್ ಎಂದರೆ ಶಾಯಿಯ ಡಬ್ಬಿ ಮತ್ತು ಉಗುರಿನಷ್ಟಿರುವ ಚಿಪ್ ಅಷ್ಟೆ. ಹೊಸ ಚಿಪ್ ಬಿಡಿಯಾಗಿ ಸಿಗುವುದರಿಂದ ಎಚ್ಚರಿಕೆಯ ಸಂದೇಶವೂ ಬರದೆ ಇರಬಹುದು. ಚಿಪ್ಪಿನ ಸುತ್ತ ಅಂಟು ಉಕ್ಕಿದೆಯೇ, ಅದು ತನ್ನ ಗುಳಿಯಲ್ಲಿ ವಾಲಿ ಕೂತಿದೆಯೇ, ಅಂಚಿನಲ್ಲಿ ಮೀಟಿದ ಗುರುತಿದೆಯೇ ನೋಡಬೇಕು. ಡಬ್ಬಿಯನ್ನೇ ಅಚ್ಚು ಹೊಯ್ದು ನಕಲು ಮಾಡುವುದೂ ಅಲ್ಲಿ ಸುಲಭ. ಎರಡು ಅಚ್ಚುಗಳು ಕೂಡುವ ಗೆರೆಯಲ್ಲಿ ಬೆರಳಿಗೆ ತಾಗುವ ಪ್ಲಾಸ್ಟಿಕ್ ಎಳೆ, ದಪ್ಪ ಭಾಗದಲ್ಲಿ ಒಳಗೆ ಕುಸಿದ ತಗ್ಗು, ಮೊಂಡಾದ ಅಕ್ಷರಗಳು ಅದನ್ನು ತೋರಿಸಿಕೊಡುತ್ತವೆ. ಹೋಲಿಸಲು ಅಸಲಿ ಹಳೆಯದೊಂದು ಪಕ್ಕದಲ್ಲಿರಲಿ. ನೆನಪಿನಿಂದ ಹೋಲಿಸಿದರೆ ಮೋಸ ಹೋಗುತ್ತೀರಿ.

ನಿಮ್ಮ ಮುಂದಿನ ಕೆಲಸ ಹೀಗೆ. ಕಪ್ಪನ್ನು ಪ್ರಿಂಟರಿನಿಂದ ತೆಗೆದು ಅದೇ ಟೇಪು, ಪೆಟ್ಟಿಗೆ, ಬಿಲ್ಲಿನ ಜೊತೆ ಇಡಿ. ಸಂದೇಶ ಬಂದ ಪರದೆಯ ಫೋಟೊವೂ ಇರಲಿ. ಬಣ್ಣದ್ದನ್ನು ತೆರೆಯದೆ ಹಿಂದಿರುಗಿಸಿ. ತೆರೆಯಲೇಬೇಕೆಂದರೆ ಪೆಟ್ಟಿಗೆಯ ಆರೂ ಮುಖ ತೋರಿಸಿ, ನಡುವೆ ನಿಲ್ಲಿಸದೆ ವಿಡಿಯೊ ಮಾಡುತ್ತ ತೆರೆಯಿರಿ. ತಾಮ್ರದ ಪಟ್ಟಿ ಅದರಲ್ಲಿ ಮೊದಲು ಕಾಣಲಿ. ಆಗ ಗುಳಿ ನೀವೇ ಮಾಡಿದ್ದು ಎಂದು ಹೇಳಲು ಅವರಿಗೆ ಬರುವುದಿಲ್ಲ. ದೂರಿನಲ್ಲಿ ‘ಕಾರ್ಟ್ರಿಜ್ ಕೆಟ್ಟಿದೆ’ ಎಂದು ಬರೆದರೆ ಬದಲಿಗೆ ಇನ್ನೊಂದು ಅಂಥದ್ದೇ ಬರುತ್ತದೆ. ‘ಬಳಸಿದ ಕಾರ್ಟ್ರಿಜನ್ನು ಹೊಸದೆಂದು ಮಾರಲಾಗಿದೆ’ ಎಂದೇ ಬರೆದು ಹಣ ಕೇಳಿ. ರೀಫಿಲ್ ಮಾಡುವುದು ತಪ್ಪಲ್ಲ, ರೀಫಿಲ್ ಎಂದು ಹೇಳಿ ಅರ್ಧ ಬೆಲೆಗೆ ಕೊಡುವ ಪ್ರಾಮಾಣಿಕರು ಎಷ್ಟೋ ಮಂದಿ ಇದ್ದಾರೆ. ಕಂಪನಿಯ ಹೆಸರಿನ ಸುಳ್ಳು ಪೆಟ್ಟಿಗೆಯಲ್ಲಿ ಮಾರುವುದು 1999ರ ಟ್ರೇಡ್ ಮಾರ್ಕ್ಸ್ ಕಾಯ್ದೆಯಡಿ ಅಪರಾಧ. ಹಣ ಬರದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ.

ಮತ್ತೆ, ನಿಮ್ಮ ಅಂಗಡಿಯ ಅಸಲಿ ಖಾಲಿ ಪೆಟ್ಟಿಗೆಗಳನ್ನು ಗುಜರಿಯವರಿಗೆ ಇಡಿಯಾಗಿ ಕೊಡಬೇಡಿ, ಹರಿದು ಕೊಡಿ. ಸ್ಕ್ಯಾನ್ ಮಾಡುವ ಶ್ರಮವೂ ಬೇಡದ ಸಿದ್ಧ ಪೆಟ್ಟಿಗೆ ಅದು.