ಗಾಡಿ ನಂಬರ್ ಸರಿ, ವಿಳಾಸ ಸರಿಯಿಲ್ಲ

"ಸಂಪಾದಕರೇ, ನನ್ನ ಬೈಕಿಗೆ 590 ರೂಪಾಯಿ ದಂಡ ಐತಿ, ಇವತ್ತೇ ಕಟ್ಟದಿದ್ರ ಕೋರ್ಟಿಗೆ ಹೋಗ್ತದ ಅಂತ ಮೆಸೇಜ್ ಬಂದದ. ಲಿಂಕು echallan.parivahan.in. ಕೆಎ-36 ನಂಬರ್ ನಂದೇ, ಹೆಲ್ಮೆಟ್ ಇಲ್ದ ಪ್ಯಾಟಿಗೆ ಹೋಗಿದ್ದೂ ಖರೇ. ಕಟ್ಟಲೇನ್ರೀ?"
– ಒಬ್ಬ ಓದುಗರು, ಸಿಂಧನೂರು

ಆ ಲಿಂಕಿನಲ್ಲಿ ಕಟ್ಟಬೇಡಿ. ಸರ್ಕಾರದ ತಾಣ echallan.parivahan.gov.in. ನಿಮಗೆ ಬಂದದ್ದರಲ್ಲಿ gov ಇಲ್ಲ. ವಿಳಾಸದಲ್ಲಿ ಮೊದಲ ಒಂಟಿ ಗೆರೆ (/) ಬರುವ ಮುಂಚಿನ ಕೊನೆಯ ತುಂಡು ಏನಿದೆ ಎಂದು ನೋಡಿ. ಅದು .gov.in ಆಗಿರಬೇಕು. .gov.in ಆದ ಮೇಲೆ, ಆ ಗೆರೆಗೂ ಮುಂಚೆ ಮತ್ತೇನಾದರೂ ಅಂಟಿಕೊಂಡಿದ್ದರೆ ಅದೂ ನಕಲಿಯೇ. ಬೀಗದ ಗುರುತನ್ನು ನಂಬಬೇಡಿ, ಅದು ಕಳ್ಳ ತಾಣಕ್ಕೂ ಸಿಗುತ್ತದೆ.

ಗಾಡಿ ನಂಬರ್ ಹೊಂದಿಕೆಯಾದದ್ದು ದೊಡ್ಡ ಪುರಾವೆಯಲ್ಲ. ಅದು ಬೈಕಿನ ಹಿಂದೆ ಎಲ್ಲರಿಗೂ ಕಾಣುವಂತೆಯೇ ಇದೆ. ಇಂಥ ನಕಲಿ ಪುಟಗಳಲ್ಲಿ ಕೆಲವು, ನೀವು ಯಾವ ನಂಬರ್ ಹೊಡೆದರೂ ಒಂದು ದಂಡ ತೋರಿಸುತ್ತವೆ. ಹಣ ಕಟ್ಟಲು ಹೋದರೆ ಯುಪಿಐ ಇರುವುದಿಲ್ಲ, ಕಾರ್ಡು ಮಾತ್ರ. ಅವರಿಗೆ ಬೇಕಾದದ್ದು 590 ರೂಪಾಯಿಯಲ್ಲ, ನಿಮ್ಮ ಕಾರ್ಡಿನ ನಂಬರ್ ಮತ್ತು ಸಿವಿವಿ. ಮೊತ್ತ ಸಣ್ಣದಿದ್ದರೆ ಜನ ಹೆಚ್ಚು ಯೋಚಿಸದೆ ಕಟ್ಟಿಬಿಡುತ್ತಾರೆ. ಅಂದಹಾಗೆ, ಕರ್ನಾಟಕದಲ್ಲಿ ಹೆಲ್ಮೆಟ್ ದಂಡ 500 ರೂಪಾಯಿ. 590 ಎಂಬ ಲೆಕ್ಕ ಎಲ್ಲಿಂದ ಬಂತು?

ನಿಜವಾಗಿ ದಂಡ ಬಿದ್ದಿದೆಯೇ ಎಂದು ನೋಡಲು ಮೆಸೇಜನ್ನು ಪಕ್ಕಕ್ಕಿಡಿ. ಬ್ರೌಸರಿನಲ್ಲಿ ಮೇಲಿನ ವಿಳಾಸವನ್ನು ನೀವೇ ಟೈಪ್ ಮಾಡಿ, ಚಲನ್ ಸ್ಥಿತಿ ನೋಡುವ ಪುಟಕ್ಕೆ ಹೋಗಿ. ಚಲನ್ ನಂಬರ್, ಗಾಡಿ ನಂಬರ್, ಡಿಎಲ್ ನಂಬರ್ ಎಂಬ ಮೂರು ದಾರಿಗಳಿವೆ. ಗಾಡಿ ನಂಬರ್ ಆರಿಸಿಕೊಂಡರೆ ಚಾಸಿಸ್ ಅಥವಾ ಎಂಜಿನ್ ನಂಬರಿನ ಕೊನೆಯ ಐದು ಅಂಕಿ ಕೇಳುತ್ತದೆ, ಆರ್‌ಸಿ ಕೈಯಲ್ಲಿಟ್ಟುಕೊಳ್ಳಿ. ಚಲನ್ ತೆರೆದುಕೊಂಡರೆ ದಿನ, ಸ್ಥಳ, ತಪ್ಪು ಏನೆಂದು ನಿಮ್ಮ ಓಡಾಟದ ಜೊತೆ ತಾಳೆ ನೋಡಿ. ಕ್ಯಾಮೆರಾದಿಂದ ಹಾಕಿದ ದಂಡವಾದರೆ, 2021ರ ನಿಯಮದಂತೆ ನಂಬರ್ ಪ್ಲೇಟ್ ಸಮೇತ ತಪ್ಪಿನ ಫೋಟೊ ಇರಲೇಬೇಕು.

ಪುಟ ಖಾಲಿ ಬಂದರೆ? ಪೊಲೀಸರು ಹಾಕಿದ ಎಲ್ಲ ದಂಡವೂ ಅಲ್ಲೇ ಕಾಣಬೇಕೆಂದಿಲ್ಲ. ಮೆಸೇಜಿನಲ್ಲಿ ಚಲನ್ ನಂಬರ್ ಇದ್ದರೆ ಬರೆದುಕೊಂಡು, ಆರ್‌ಸಿ ಹಿಡಿದು ಸಂಚಾರ ಠಾಣೆಯಲ್ಲೇ ಕೇಳಿ. ಹೆಲ್ಮೆಟ್ ಹಾಕಿಕೊಂಡು ಹೋಗಿ.

ಇನ್ನೊಂದು ಬಗೆಯ ಮೋಸ ವಾಟ್ಸಾಪಿನಲ್ಲಿ ಬರುತ್ತದೆ: RTO Challan.apk ಎಂಬಂಥ ಫೈಲು. ಚಲನ್ ನೋಡಲು ಯಾವ ಆ್ಯಪನ್ನೂ ಹೀಗೆ ಕಳಿಸುವುದಿಲ್ಲ. ಅದನ್ನು ಹಾಕಿಕೊಂಡು ಎಸ್‌ಎಂಎಸ್ ಅನುಮತಿ ಕೊಟ್ಟರೆ ನಿಮ್ಮ ಒಟಿಪಿ ಕಳ್ಳರ ಕೈಸೇರುತ್ತದೆ. ಪರಿಚಯದವರ ನಂಬರಿನಿಂದ ಬಂದರೂ ತೆರೆಯಬೇಡಿ, ಅವರ ಫೋನೇ ಸಿಕ್ಕಿಬಿದ್ದಿರಬಹುದು.

ಈಗಾಗಲೇ ಕಾರ್ಡಿನ ವಿವರ ಕೊಟ್ಟಿದ್ದರೆ ಮೊದಲು ಬ್ಯಾಂಕಿಗೆ ಹೇಳಿ ಕಾರ್ಡು ಬಂದ್ ಮಾಡಿಸಿ. ಹಣ ಹೋಗಿದ್ದರೆ ತಕ್ಷಣ 1930ಕ್ಕೆ ಕರೆ ಮಾಡಿ, cybercrime.gov.in ತಾಣದಲ್ಲೂ ದೂರು ದಾಖಲಿಸಿ. ಮೆಸೇಜಿನ ಸ್ಕ್ರೀನ್‌ಶಾಟ್ ಮತ್ತು ಬ್ಯಾಂಕ್ ವಹಿವಾಟಿನ ಸಂಖ್ಯೆ ಹತ್ತಿರವಿರಲಿ, ಅಲ್ಲಿ ಕೇಳುತ್ತಾರೆ.
– ಸಂಪಾದಕ