ಸಮಯದ ಲೆಕ್ಕ ತಪ್ಪಿ ಸಂದರ್ಶನ ಕೈಬಿಟ್ಟಾಗ ಬರೆಯುವ ಪತ್ರ

ಪ್ರಶ್ನೆ: ನಾನು ಚಿಂತಾಮಣಿಯವಳು. ಲಂಡನ್ನಿನ ಒಂದು ಸಂಸ್ಥೆಯವರು ಮಾರ್ಚ್ 31ರ ಮಂಗಳವಾರ 'ಲಂಡನ್ ಸಮಯ ಬೆಳಗ್ಗೆ 10.30ಕ್ಕೆ' ಆನ್‌ಲೈನ್ ಸಂದರ್ಶನವಿದೆ ಎಂದು ಮಾರ್ಚ್ 23ರಂದು ಮೇಲ್ ಕಳಿಸಿದ್ದರು. ಅವತ್ತೇ ಫೋನಿನಲ್ಲಿ ನೋಡಿದೆ, ನಮಗೂ ಅವರಿಗೂ ಐದೂವರೆ ಗಂಟೆ ವ್ಯತ್ಯಾಸವಿತ್ತು. ಹಾಗಾಗಿ ಈ ದಿನ ಸಂಜೆ 4ಕ್ಕೆ ಎಂದುಕೊಂಡು 3.55ಕ್ಕೇ ಸೇರಿದೆ. ಯಾರೂ ಇರಲಿಲ್ಲ. 'ನೀವು ಬರಲಿಲ್ಲ' ಎಂದು ಅವರ ಮೇಲ್ ಬಂದಿತ್ತು. ಏನೆಂದು ಬರೆಯಲಿ? ನೆಟ್ ಹೋಗಿತ್ತು ಎಂದುಬಿಡಲೇ?

ಉತ್ತರ: ಪ್ರಶ್ನೆ ಬಂದ ಸಂಜೆಯೇ ಇದನ್ನು ನಿಮಗೆ ಮೇಲ್‌ನಲ್ಲಿ ಕಳುಹಿಸಿದ್ದೇನೆ. ಇದೇ ತೊಡಕಿಗೆ ಸಿಲುಕಿದ ಇತರರಿಗೂ ಉಪಯೋಗವಾಗಲೆಂದು ಇಲ್ಲಿ ಕೊಡುತ್ತಿದ್ದೇನೆ.

ನೆಟ್ ಹೋಗಿತ್ತು ಎಂದು ದಯವಿಟ್ಟು ಬರೆಯಬೇಡಿ. ನೀವು 3.55ಕ್ಕೆ ಕೊಂಡಿ ಒತ್ತಿ ಕಾದಿದ್ದರೆ ಆ ಹೊತ್ತು ಅವರ ಕಡೆಯ ದಾಖಲೆಯಲ್ಲಿ ಉಳಿದಿರುವ ಸಾಧ್ಯತೆ ಇದೆ. ನೆಟ್ ಇಲ್ಲದವರು ಸಭೆಗೆ ಸೇರಿದ್ದು ಹೇಗೆ ಎಂಬ ಪ್ರಶ್ನೆ ಎದ್ದರೆ ನಿಮ್ಮ ಬಳಿ ಉತ್ತರವಿರುವುದಿಲ್ಲ. ಸಮಯದ ಲೆಕ್ಕ ತಪ್ಪುವುದು ಕ್ಷಮಿಸಬಹುದಾದ ತಪ್ಪು, ಆದರೆ ಅದನ್ನು ಮುಚ್ಚಲು ಹೇಳಿದ ಸುಳ್ಳು ಹಾಗಲ್ಲ. ನಿಮಗಂತೂ ನಿಜವಾದ ಕಾರಣವೇ ಸಾಕಷ್ಟು ಗಟ್ಟಿಯಾಗಿದೆ.

ಆ ಕಾರಣವನ್ನು ಮೊದಲು ನೀವೇ ಸ್ಪಷ್ಟವಾಗಿ ಅರಿತುಕೊಳ್ಳಬೇಕು, ಏಕೆಂದರೆ ಪತ್ರದ ಒಂದು ವಾಕ್ಯ ಅದರ ಮೇಲೆಯೇ ನಿಲ್ಲುತ್ತದೆ. ಬ್ರಿಟನ್ನಿನಲ್ಲಿ ಪ್ರತಿವರ್ಷ ಮಾರ್ಚ್ ತಿಂಗಳ ಕೊನೆಯ ಭಾನುವಾರ ನಸುಕಿನಲ್ಲಿ ಗಡಿಯಾರವನ್ನು ಒಂದು ಗಂಟೆ ಮುಂದಕ್ಕೆ ತಿರುಗಿಸುತ್ತಾರೆ, ಅಕ್ಟೋಬರ್ ತಿಂಗಳ ಕೊನೆಯ ಭಾನುವಾರ ಮತ್ತೆ ಹಿಂದಕ್ಕೆ ತರುತ್ತಾರೆ. ನಮ್ಮಲ್ಲಿ ಆ ಪದ್ಧತಿ ಇಲ್ಲದ ಕಾರಣ ಚಳಿಗಾಲದಲ್ಲಿ ಐದೂವರೆ ಗಂಟೆಯಿರುವ ಅಂತರ ಬೇಸಿಗೆಯಲ್ಲಿ ನಾಲ್ಕೂವರೆಗೆ ಇಳಿಯುತ್ತದೆ. 2026ರಲ್ಲಿ ಆ ಭಾನುವಾರ ಮಾರ್ಚ್ 29ರಂದು ಬಂದಿದೆ. ನೀವು 23ರಂದು ಫೋನಿನ ಗಡಿಯಾರ ನೋಡಿದಾಗ ಅದು ತೋರಿಸಿದ್ದು ಆ ದಿನದ ಅಂತರವನ್ನು, ಸಂದರ್ಶನದ ದಿನದ ಅಂತರವನ್ನಲ್ಲ. ಹೀಗಾಗಿ 31ರಂದು ಲಂಡನ್ನಿನ 10.30 ಎಂದರೆ ನಮ್ಮ ಮಧ್ಯಾಹ್ನ 3 ಗಂಟೆಯೇ ಹೊರತು 4 ಅಲ್ಲ.

ಪತ್ರ ಬರೆಯುವ ಮೊದಲು ಅವರ ಮೇಲ್ ಅನ್ನು ಮತ್ತೊಮ್ಮೆ ತೆರೆದು, ಸಮಯದ ಮುಂದೆ ಏನು ಬರೆದಿದ್ದಾರೆ ಎಂದು ನೋಡಿ. 'ಲಂಡನ್ ಸಮಯ' ಎಂದಿದ್ದರೆ ತಪ್ಪು ನಿಮ್ಮದೇ. ಅದರ ಬದಲು 'ಜಿಎಂಟಿ' ಎಂದಿದ್ದರೆ ಲೆಕ್ಕ ತಿರುಗಿ ಬೀಳುತ್ತದೆ: ಗ್ರೀನಿಚ್ ಸಮಯ ಬೇಸಿಗೆಯಲ್ಲೂ ಬದಲಾಗುವುದಿಲ್ಲ, ಆದ್ದರಿಂದ 10.30 ಜಿಎಂಟಿ ಎಂದರೆ ನಮ್ಮ ಸಂಜೆ 4 ಗಂಟೆಯೇ ಸರಿ. ಅಲ್ಲಿನ ಕೆಲವರು ಅಭ್ಯಾಸಬಲದಿಂದ ಬೇಸಿಗೆಯಲ್ಲೂ ಹಾಗೆಯೇ ಬರೆಯುವುದುಂಟು. ಆಗಲೂ ಅವರನ್ನು ದೂರದೆ, 'ಪತ್ರದಲ್ಲಿದ್ದಂತೆ 10.30 ಜಿಎಂಟಿ, ಅಂದರೆ ಭಾರತದ ಸಂಜೆ 4 ಗಂಟೆ ಎಂದು ತಿಳಿದು ಸೇರಿದೆ' ಎಂದಷ್ಟೇ ತಿಳಿಸಿದರೆ ಅವರೇ ಅರ್ಥ ಮಾಡಿಕೊಳ್ಳುತ್ತಾರೆ.

ನಿಮ್ಮ ಪತ್ರ ಈ ರಾತ್ರಿ 9.30ರೊಳಗೆ ಅವರನ್ನು ಮುಟ್ಟಲಿ. ಆಗ ಲಂಡನ್ನಿನಲ್ಲಿ ಸಂಜೆ 5 ಗಂಟೆ, ಕಚೇರಿಯವರು ಏಳುವ ಹೊತ್ತು. ನಾಳೆಗೆ ಬಿಟ್ಟರೆ ಅಷ್ಟರಲ್ಲಿ ನಿಮ್ಮ ಹೆಸರಿನ ಮುಂದೆ 'ಗೈರು' ಎಂದು ಬರೆದು ಮುಂದಿನವರನ್ನು ಕರೆದಿರಬಹುದು. ಹೊಸ ಮೇಲ್ ತೆರೆಯಬೇಡಿ, ಆಹ್ವಾನ ಬಂದ ಮೇಲ್‌ಗೇ ಉತ್ತರವಾಗಿ, ಸಂದರ್ಶನವನ್ನು ಏರ್ಪಡಿಸಿದವರಿಗೆ ಬರೆಯಿರಿ. ಸಂದರ್ಶಕರಿಗೆ ಬೇರೆಯಾಗಿ ಬರೆಯುವ ಅಗತ್ಯವಿಲ್ಲ. ಪತ್ರ ಹೀಗಿರಬಹುದು, ಇಂಗ್ಲಿಷಿನಲ್ಲಿ ಬರೆಯುವಾಗಲೂ ಇದೇ ಕ್ರಮವನ್ನು ಇಟ್ಟುಕೊಳ್ಳಿ:

"ಮಾನ್ಯರೇ, ಇಂದು ಲಂಡನ್ ಸಮಯ ಬೆಳಗ್ಗೆ 10.30ಕ್ಕೆ ನಿಗದಿಯಾಗಿದ್ದ ಸಂದರ್ಶನಕ್ಕೆ ನಾನು ಹಾಜರಾಗಲಿಲ್ಲ. ಇದಕ್ಕಾಗಿ ತಮ್ಮಲ್ಲಿಯೂ, ನನಗಾಗಿ ಸಮಯ ಮೀಸಲಿಟ್ಟಿದ್ದ ಸಂದರ್ಶಕರಲ್ಲಿಯೂ ಕ್ಷಮೆ ಕೋರುತ್ತೇನೆ. ಮಾರ್ಚ್ 29ರಂದು ಬ್ರಿಟನ್ನಿನ ಗಡಿಯಾರ ಮುಂದಾದುದನ್ನು ನಾನು ಲೆಕ್ಕಕ್ಕೆ ತೆಗೆದುಕೊಳ್ಳದೆ ಒಂದು ಗಂಟೆ ತಡವಾಗಿ ಸೇರಿದೆ. ತಪ್ಪು ಸಂಪೂರ್ಣವಾಗಿ ನನ್ನದು. ಈ ಹುದ್ದೆಯಲ್ಲಿ ನನಗೆ ಈಗಲೂ ಆಸಕ್ತಿಯಿದೆ. ಮತ್ತೊಂದು ಅವಕಾಶ ಸಾಧ್ಯವಿದ್ದರೆ ಏಪ್ರಿಲ್ 1, ಬುಧವಾರ ಲಂಡನ್ ಸಮಯ 9.30ರಿಂದ 12ರವರೆಗೆ (ಭಾರತದ ಮಧ್ಯಾಹ್ನ 2ರಿಂದ 4.30), ಏಪ್ರಿಲ್ 2, ಗುರುವಾರ ಮಧ್ಯಾಹ್ನ 1.30ಕ್ಕೆ (ಭಾರತದ ಸಂಜೆ 6) ಅಥವಾ ಏಪ್ರಿಲ್ 7, ಮಂಗಳವಾರ ಬೆಳಗ್ಗೆ 10.30ಕ್ಕೆ (ಭಾರತದ ಮಧ್ಯಾಹ್ನ 3) ನಾನು ಸಿದ್ಧಳಿದ್ದೇನೆ. ತಮಗೆ ಬೇರೆ ಸಮಯ ಅನುಕೂಲವಾದರೆ ಅದಕ್ಕೂ ಹೊಂದಿಕೊಳ್ಳುತ್ತೇನೆ."

ಕ್ಷಮೆ ಒಂದೇ ಬಾರಿ, ಅದೂ ಆರಂಭದಲ್ಲೇ ಬಂದಿದೆ ಎಂಬುದನ್ನು ಗಮನಿಸಿ. ಹಲವು ವರ್ಷ ಸಂದರ್ಶನಗಳನ್ನು ಏರ್ಪಡಿಸುವ ಕೆಲಸ ಮಾಡಿದ್ದರಿಂದ ಹೇಳುತ್ತೇನೆ: ನಾಲ್ಕು ಸಾಲಿಗೊಮ್ಮೆ ಕ್ಷಮೆ ಕೇಳುವ, ಮನೆಯ ಕಷ್ಟವನ್ನೆಲ್ಲ ತೋಡಿಕೊಳ್ಳುವ ಪತ್ರ ಓದಿದಾಗ ಮರುಕ ಹುಟ್ಟುತ್ತದೆ, ಆದರೆ ಹೊಸ ದಿನಾಂಕ ಹುಡುಕುವ ಕೆಲಸ ನನ್ನ ತಲೆಗೇ ಬರುತ್ತಿತ್ತು. ಅದೇ ಎರಡು ದೇಶಗಳ ಗಂಟೆಯನ್ನೂ ಬರೆದು ಮೂರು ಹೊತ್ತು ಸೂಚಿಸಿದ ಪತ್ರವಾದರೆ, ಅವುಗಳಲ್ಲಿ ಒಂದನ್ನು ಆರಿಸಿ ಸಂದರ್ಶಕರನ್ನು ಕೇಳಿದರೆ ಮುಗಿಯುತ್ತಿತ್ತು. ಲೆಕ್ಕ ತಪ್ಪಿದವರು ಈ ಬಾರಿ ಲೆಕ್ಕವನ್ನು ಸರಿಯಾಗಿ ಮಾಡಿದ್ದಾರೆ ಎಂಬುದೂ ಅದರಿಂದ ಕಾಣುತ್ತಿತ್ತು.

ಏಪ್ರಿಲ್ 3 ಮತ್ತು 6ನ್ನು ನಾನು ಬೇಕೆಂದೇ ಬಿಟ್ಟಿದ್ದೇನೆ. ಒಂದು ಶುಭ ಶುಕ್ರವಾರ, ಇನ್ನೊಂದು ಈಸ್ಟರ್ ಸೋಮವಾರ. ಆ ಎರಡೂ ದಿನ ಲಂಡನ್ನಿನಲ್ಲಿ ರಜೆ. ಇದೇ ಕಾರಣಕ್ಕೆ ಗುರುವಾರ ಸಂಜೆಯವರೆಗೂ ಉತ್ತರ ಬಾರದಿದ್ದರೆ ಗಾಬರಿಯಾಗಬೇಡಿ, 7ರ ಮಂಗಳವಾರ ಸಂಜೆ ಅದೇ ಮೇಲ್‌ನಲ್ಲಿ ಎರಡು ಸಾಲಿನ ನೆನಪೋಲೆ ಕಳುಹಿಸಿ. ಅಷ್ಟರಲ್ಲಿ ಮೂರೂ ಹೊತ್ತುಗಳು ಕಳೆದುಹೋಗಿರುತ್ತವೆ, ಆದ್ದರಿಂದ ಅದರಲ್ಲಿ 8 ಮತ್ತು 9ರ ಹೊಸ ಹೊತ್ತುಗಳನ್ನು ಸೂಚಿಸಬೇಕು. ಅದಕ್ಕೂ ಉತ್ತರವಿಲ್ಲದಿದ್ದರೆ ಮತ್ತೆ ಬರೆಯಬೇಡಿ.

ಒಪ್ಪಿಗೆ ಬಂದರೆ ಅವರು ಕಳುಹಿಸುವ ಕ್ಯಾಲೆಂಡರ್ ಆಹ್ವಾನವನ್ನು ಒಪ್ಪಿಕೊಂಡು ಅದನ್ನೇ ಫೋನಿನಲ್ಲಿ ಇಟ್ಟುಕೊಳ್ಳಿ. ಸಮಯವನ್ನು ಕೈಯಿಂದ ನಮೂದಿಸಬೇಡಿ. ಸರಿಯಾಗಿ ಕಳುಹಿಸಿದ ಆಹ್ವಾನದಲ್ಲಿ ಸ್ಥಳದ ಕಾಲಮಾನವೂ ಇರುವುದರಿಂದ, ಗಡಿಯಾರ ಮುಂದಾಗುವ ದಿನವನ್ನು ಫೋನೇ ಲೆಕ್ಕಕ್ಕೆ ತೆಗೆದುಕೊಂಡು ನಮ್ಮ ಸಮಯ ತೋರಿಸುತ್ತದೆ. ಆಹ್ವಾನ ಬಾರದೆ ಬರೀ ಮೇಲ್ ಬಂದರೆ, 'ಭಾರತದ ಮಧ್ಯಾಹ್ನ 3 ಗಂಟೆ ಎಂದು ತಿಳಿದಿದ್ದೇನೆ, ಸರಿಯೇ?' ಎಂದು ಅದೇ ದಿನ ಕೇಳಿ ಖಚಿತಪಡಿಸಿಕೊಳ್ಳಿ. ಸಂದರ್ಶನ ಆರಂಭವಾದಾಗ 'ಹಿಂದಿನ ಬಾರಿ ನಿಮ್ಮನ್ನು ಕಾಯಿಸಿದ್ದಕ್ಕೆ ಕ್ಷಮಿಸಿ, ಮತ್ತೆ ಸಮಯ ಕೊಟ್ಟಿದ್ದಕ್ಕೆ ಧನ್ಯವಾದ' ಎಂದು ಹೇಳಿ ಅಲ್ಲಿಗೇ ನಿಲ್ಲಿಸಿ, ಅವರ ಮೊದಲ ಪ್ರಶ್ನೆಗೆ ಕಿವಿಗೊಡಿ.